ರೊಬಸ್ಟಾ ಇಲ್ಲದ ಬ್ಯಾಕಪ್

ಜೂನ್ ತಿಂಗಳ ಒಂದು ಮಧ್ಯಾಹ್ನ. ಮಡಿಕೇರಿಯಲ್ಲಿ ಮಳೆ ಹಿಡಿದು ಮೂರು ದಿನ ಆಗಿತ್ತು, ಕರೆಂಟ್ ಇರಲಿಲ್ಲ, ಯುಪಿಎಸ್ ಒಂದೇ ಸಮನೆ ಕೂಗುತ್ತಿತ್ತು. ನಮ್ಮಲ್ಲಿ ಲೆಕ್ಕ ನೋಡುವ ಅಕ್ಕ ನನ್ನ ಲ್ಯಾಪ್‌ಟಾಪನ್ನು ಎರಡು ನಿಮಿಷ ನೋಡಿ, "ಎಲ್ಲಾ ಸರಿ ಇದೆಯಪ್ಪಾ, ಆದ್ರೆ ರೊಬಸ್ಟಾ ಎಲ್ಲಿ?" ಅಂದರು.

ನಾನು ಕೆಲಸ ಮಾಡುವುದು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದಕ್ಕೆ. ಬೆಳೆಗಾರರು ತಂದ ಕಾಫಿಯ ತೂಕ, ತೇವಾಂಶ, ಕೊಟ್ಟ ಮುಂಗಡ, ಬಾಕಿ, ಎಲ್ಲವೂ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇರುತ್ತದೆ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡಗಳೇ ಜಾರಿದ್ದನ್ನು ನೋಡಿದ ಮೇಲೆ ಆಫೀಸಿನ ಮೂಲೆಯಲ್ಲಿದ್ದ ಸರ್ವರ್ ಮೇಲೆ ಯಾರಿಗೂ ನಂಬಿಕೆ ಉಳಿಯಲಿಲ್ಲ. ಹಾಗಾಗಿ ಅಮೆಜಾನ್ ಕಂಪನಿಯ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ಗೆ ಹೋದೆವು. ದಿನಾ ರಾತ್ರಿ ಎರಡಕ್ಕೆ ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣಕ್ಕೆ ಡಿಸ್ಕ್ ಹೇಗಿತ್ತೋ ಹಾಗೇ ಒಂದು ಫೋಟೋ, ಅದರದೇ ಒಂದು ಕಾಪಿ ಹೈದರಾಬಾದ್ ರೀಜನ್‌ಗೆ. ಹದಿನಾಲ್ಕು ದಿನದ್ದು ಉಳಿಸಿಕೊಳ್ಳುವುದು.

ಮೂರು-ಎರಡು-ಒಂದು ಅನ್ನುವ ನಿಯಮ ನಿಮಗೆ ಗೊತ್ತಿರಬಹುದು. ಡೇಟಾ ಮೂರು ಕಡೆ ಇರಬೇಕು, ಎರಡು ಬೇರೆ ಬಗೆಯ ಮಾಧ್ಯಮದಲ್ಲಿ ಇರಬೇಕು, ಅದರಲ್ಲಿ ಒಂದು ಬೇರೆ ಊರಲ್ಲಿ ಇರಬೇಕು. ನಮ್ಮ ಎಣಿಕೆ ಹೀಗಿತ್ತು: ನಡೆಯುತ್ತಿರುವ ಡಿಸ್ಕ್ ಒಂದು, ಮುಂಬೈ ಸ್ನ್ಯಾಪ್‌ಶಾಟ್ ಎರಡು, ಹೈದರಾಬಾದ್ ಮೂರು. ಪಾಸ್ ಆಗಿಬಿಟ್ಟೆವು ಅಂದುಕೊಂಡಿದ್ದೆ. ಮಳೆಗಾಲದಲ್ಲಿ ಕೆಲಸ ಕಡಿಮೆ ಅಲ್ವಾ, ಹೈದರಾಬಾದ್ ಕಾಪಿಯಿಂದ ಸುಮ್ನೆ ಒಮ್ಮೆ ಸರ್ವರ್ ಎಬ್ಬಿಸಿ ನೋಡೋಣ ಅಂತ ಅವತ್ತು ಕೂತಿದ್ದು.

ಎಬ್ಬಿಸುವುದು ಸಲೀಸಾಗೇ ಆಯಿತು. ಸ್ನ್ಯಾಪ್‌ಶಾಟ್‌ನಿಂದ ಹೊಸ ಡಿಸ್ಕ್ ಮಾಡಿ, ಹೊಸ ಸರ್ವರ್‌ಗೆ ಸೇರಿಸಿ, ಪೋಸ್ಟ್‌ಗ್ರೆಸ್ ಶುರು ಮಾಡಿದೆ. ಆ ಸರ್ವರ್‌ನಿಂದ ಹೊರಗೆ ಹೋಗುವ ದಾರಿ ಮೊದಲೇ ಮುಚ್ಚಿದ್ದೆ. ಇಲ್ಲದಿದ್ದರೆ ಅದರಲ್ಲಿದ್ದ ಎಸ್ಸೆಮ್ಮೆಸ್ ಕೆಲಸ ತಾನೂ ಎದ್ದು, ಹಳೇ ಬಾಕಿಯ ಮೆಸೇಜನ್ನು ಬೆಳೆಗಾರರಿಗೆಲ್ಲ ಕಳಿಸಿಬಿಡುತ್ತಿತ್ತು. ಲಾಗಿನ್ ಆಯಿತು, ಹೆಸರುಗಳೆಲ್ಲ ಇದ್ದವು, ರಶೀದಿಗಳು ಸಾವಿರಗಟ್ಟಲೆ ಇದ್ದವು. ನಾನೊಬ್ಬನೇ ನೋಡಿದ್ದರೆ ಅಲ್ಲಿಗೇ ಮುಗಿಸುತ್ತಿದ್ದೆ. ಅಕ್ಕ ನೋಡಿದ್ದು ತನಗೆ ಬಾಯಿಪಾಠ ಇರುವ ಮೂರು ಖಾತೆಗಳನ್ನು. ನಮ್ಮ ಕಡೆ ಅರೇಬಿಕಾ ಕೊಯ್ಲು ಮೊದಲು, ರೊಬಸ್ಟಾ ಆಮೇಲೆ. ಅವರು ತೆರೆದ ಖಾತೆಗಳಲ್ಲಿ ಅರೇಬಿಕಾ ಪೂರ್ತಿ ಇತ್ತು, ರೊಬಸ್ಟಾ ಒಂದು ಮೂಟೆಯೂ ಇರಲಿಲ್ಲ. ಆಗ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ:

```sql
select max(received_at) from receipts;
```

ಉತ್ತರ ಬಂದಿದ್ದು ಜನವರಿ 5. ಹಿಂದಿನ ರಾತ್ರಿಯ ಬ್ಯಾಕಪ್‌ನಲ್ಲಿ ಐದು ತಿಂಗಳು ಹಳೆಯ ಡೇಟಾ.

ಆಗಿದ್ದು ಇಷ್ಟು. ಜನವರಿ ಮೊದಲ ವಾರ ಡಿಸ್ಕ್ ತುಂಬುತ್ತಾ ಬಂದಿತ್ತು. ರೊಬಸ್ಟಾ ಶುರುವಾಗುವ ಮುಂಚೆ ದೊಡ್ಡದೊಂದು ಹೊಸ ಡಿಸ್ಕ್ ಸೇರಿಸಿ, ಡೇಟಾಬೇಸನ್ನು ಅದಕ್ಕೆ ಸಾಗಿಸಿದೆ. ಹಳೇ ಡಿಸ್ಕನ್ನು ಇರಲಿ ಅಂತ ಹಾಗೇ ಬಿಟ್ಟೆ. ಸ್ನ್ಯಾಪ್‌ಶಾಟ್ ತೆಗೆಯುವ ಪಾಲಿಸಿ ಡಿಸ್ಕನ್ನು ಹುಡುಕುವುದು ಟ್ಯಾಗ್ ನೋಡಿ. `Backup` ಟ್ಯಾಗ್ ಇದ್ದದ್ದು ಹಳೇ ಡಿಸ್ಕಿಗೆ, ಹೊಸದಕ್ಕೆ ಹಾಕಲು ಮರೆತಿದ್ದೆ. ಪಾಲಿಸಿ ತನ್ನ ಕೆಲಸ ತಪ್ಪದೆ ಮಾಡಿತು. ಯಾರೂ ಬರೆಯದ ಡಿಸ್ಕಿನ ಫೋಟೋ ದಿನಾ ತೆಗೆದು, ಒಂದನ್ನು ಹೈದರಾಬಾದ್‌ಗೂ ಕಳಿಸಿತು. ಏನೂ ಕೆಟ್ಟಿರಲಿಲ್ಲ, ಹಾಗಾಗಿ ಅಲರ್ಟ್ ಕೂಡ ಬರಲಿಲ್ಲ.

ಹೈದರಾಬಾದ್ ಕಡೆಯಿಂದ ನೋಡಿದರೂ ಇದು ಕಾಣುವುದಿಲ್ಲ. ಕಾಪಿಯಾದ ಸ್ನ್ಯಾಪ್‌ಶಾಟ್‌ನಲ್ಲಿ ಮೂಲ ಡಿಸ್ಕಿನ ನಂಬರ್ ಉಳಿಯಲ್ಲ, ಅಲ್ಲಿ `vol-ffffffff` ಅಂತ ಲೆಕ್ಕಕ್ಕಿಲ್ಲದ ಒಂದು ನಂಬರ್ ಕೂತಿರುತ್ತದೆ. ಆದರೆ ಒಂದು ಸುಳಿವು ಬಿಲ್‌ನಲ್ಲಿತ್ತು. ಸ್ನ್ಯಾಪ್‌ಶಾಟ್ ಉಳಿಸಿಕೊಳ್ಳುವುದು ಹಿಂದಿನ ಬಾರಿಗಿಂತ ಬದಲಾದ ಬ್ಲಾಕ್‌ಗಳನ್ನು ಮಾತ್ರ. ಸೀಸನ್‌ನ ನಟ್ಟನಡುವೆ, ವೇಬ್ರಿಡ್ಜ್ ಮುಂದೆ ಲಾರಿ ಸಾಲು ನಿಂತಿರುವಾಗ, ಸ್ನ್ಯಾಪ್‌ಶಾಟ್ ಖರ್ಚು ಏರಬೇಕಿತ್ತು. ನಮ್ಮದು ಇಳಿದಿತ್ತು. ನೋಡಿ ಖುಷಿಪಟ್ಟಿದ್ದೆ, ಅದೇ ನಾಚಿಕೆ.

ಮಾಡಿದ ಮೊದಲ ರಿಪೇರಿ, ಪಾಲಿಸಿಯನ್ನು ಡಿಸ್ಕಿನ ಬದಲು ಸರ್ವರ್ ಮೇಲೆ ಇಟ್ಟಿದ್ದು. ಆಗ ಆ ಸರ್ವರ್‌ಗೆ ಸೇರಿದ ಎಲ್ಲ ಡಿಸ್ಕ್‌ಗಳ ಸ್ನ್ಯಾಪ್‌ಶಾಟ್ ಒಂದೇ ಕ್ಷಣದ್ದು ಸಿಗುತ್ತದೆ. ಡೇಟಾ ಒಂದು ಡಿಸ್ಕಲ್ಲಿ, ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆ ಬರೆದಿಡುವ ಲಾಗ್ ಇನ್ನೊಂದರಲ್ಲಿ ಇದ್ದವರಿಗೆ ಇದು ಬೇಕೇ ಬೇಕು. ಎರಡೂ ಬೇರೆ ಬೇರೆ ಹೊತ್ತಿನದಾದರೆ ಡೇಟಾಬೇಸ್ ಏಳುವ ಗ್ಯಾರಂಟಿ ಇಲ್ಲ. ನಾಳೆ ಯಾರೋ ಹೊಸ ಸರ್ವರ್ ಎಬ್ಬಿಸಿ ಅದಕ್ಕೆ ಟ್ಯಾಗ್ ಮರೆಯಬಹುದು. ಅದಕ್ಕೇ ಡಿಸ್ಕ್‌ಗಳಿಗೂ ಟ್ಯಾಗ್ ಹಾಕುವ ಪದ್ಧತಿ ಬಿಡಲಿಲ್ಲ. ಟ್ಯಾಗ್ ಇಲ್ಲದೆ ಬಳಕೆಯಲ್ಲಿರುವ ಡಿಸ್ಕ್‌ಗಳ ಪಟ್ಟಿ ವಾರಕ್ಕೊಮ್ಮೆ ಮೇಲ್‌ಗೆ ಬರುತ್ತದೆ:

```
aws ec2 describe-volumes --region ap-south-1 \
  --filters Name=status,Values=in-use \
  --query 'Volumes[?!not_null(Tags[?Key==`Backup`].Value | [0])].VolumeId'
```

ಇನ್ನು ನಮ್ಮ ಮೂರು-ಎರಡು-ಒಂದರ ಲೆಕ್ಕ. ಅವತ್ತು ಸಂಜೆ ಮತ್ತೆ ಎಣಿಸಿದರೆ ಮೂರು ಇರಲೇ ಇಲ್ಲ. ಹೈದರಾಬಾದಿನದು ಮುಂಬೈಯದರ ಕಾಪಿ, ಮುಂಬೈಯದು ತಪ್ಪಿದರೆ ಅದೂ ತಪ್ಪು. ಮೇಲಾಗಿ ಎರಡೂ ಒಂದೇ ಅಕೌಂಟ್‌ನಲ್ಲಿ. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಅನ್ನುವ ಕಂಪನಿಯ ಎಡಬ್ಲ್ಯೂಎಸ್ ಕನ್ಸೋಲ್ ಒಳಗೆ ಯಾರೋ ನುಗ್ಗಿ, ಡಿಸ್ಕ್‌ಗಳ ಜೊತೆ ಸ್ನ್ಯಾಪ್‌ಶಾಟ್‌ಗಳನ್ನೂ ಅಳಿಸಿದರು. ಕಂಪನಿ ಬಾಗಿಲು ಮುಚ್ಚಿತು. ಮನೆಗೆ ಮೂರು ಬೀಗ ಹಾಕಿ ಮೂರಕ್ಕೂ ಒಂದೇ ಕೀ ಇಟ್ಟ ಹಾಗೆ.

ಕ್ಲೌಡ್‌ನಲ್ಲಿ ಟೇಪು, ಡಿಸ್ಕು ಅಂತ ಮಾಧ್ಯಮ ನಮ್ಮ ಕೈಗೆ ಸಿಗುವುದಿಲ್ಲ. ಹಾಗಾಗಿ "ಎರಡು" ಅನ್ನುವುದನ್ನು ನಾನು ಈಗ ಎರಡು ಬೇರೆ ದಾರಿ ಅಂತ ಓದುತ್ತೇನೆ. ಸ್ನ್ಯಾಪ್‌ಶಾಟ್ ಡಿಸ್ಕನ್ನು ನೋಡುತ್ತದೆ, ಒಳಗೇನಿದೆ ಅಂತ ಅದಕ್ಕೆ ಗೊತ್ತಿಲ್ಲ. `pg_dump` ಡೇಟಾಬೇಸನ್ನೇ ಕೇಳಿ ಬರೆದುಕೊಳ್ಳುತ್ತದೆ. ಡಿಸ್ಕ್ ಬದಲಾದರೂ ಅದು ನಡೆಯುತ್ತಿರುವ ಡೇಟಾಬೇಸ್‌ನ ಹಿಂದೆಯೇ ಹೋಗುತ್ತದೆ. ಈಗ ರಾತ್ರಿ ಒಂದಕ್ಕೆ ಡಂಪ್ ತೆಗೆದು, ಬೇರೆಯದೇ ಅಕೌಂಟ್‌ನ ಎಸ್3 ಬಕೆಟ್‌ಗೆ, ಅಂದರೆ ಎಡಬ್ಲ್ಯೂಎಸ್‌ನ ಫೈಲ್ ಗೋದಾಮಿಗೆ, ಹಾಕುತ್ತೇವೆ. ಅಲ್ಲಿ ಆಬ್ಜೆಕ್ಟ್ ಲಾಕ್ ಕಂಪ್ಲಯನ್ಸ್ ಮೋಡ್‌ನಲ್ಲಿ ಮೂವತ್ತು ದಿನ ಇದೆ. ಅಷ್ಟು ದಿನ ಆ ಫೈಲನ್ನು ನಾನೂ ಅಳಿಸಲಾರೆ, ರೂಟ್ ಯೂಸರ್ ಕೂಡ ಅಳಿಸಲಾರ. ಸ್ನ್ಯಾಪ್‌ಶಾಟನ್ನೇ ಆ ಅಕೌಂಟ್‌ಗೆ ಕಳಿಸಬಹುದಿತ್ತು. ಆದರೆ ಡೀಫಾಲ್ಟ್ ಕೀಯಿಂದ ಎನ್‌ಕ್ರಿಪ್ಟ್ ಆದ ಸ್ನ್ಯಾಪ್‌ಶಾಟ್ ಬೇರೆ ಅಕೌಂಟ್ ಜೊತೆ ಹಂಚಿಕೊಳ್ಳಲು ಬರುವುದಿಲ್ಲ, ಮೊದಲು ನಮ್ಮದೇ ಕೀಗೆ ಬದಲಾಯಿಸಬೇಕು. ನಮ್ಮಷ್ಟು ಸಣ್ಣ ಡೇಟಾಗೆ ಡಂಪ್ ಸಾಕು ಅನ್ನಿಸಿತು.

ಟೆಸ್ಟ್‌ನಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಸ್ನ್ಯಾಪ್‌ಶಾಟ್‌ನಿಂದ ಮಾಡಿದ ಡಿಸ್ಕ್ ಒಂದೇ ನಿಮಿಷಕ್ಕೆ ರೆಡಿ ಅನ್ನುತ್ತದೆ, ಆದರೆ ಒಳಗಿನ ಬ್ಲಾಕ್‌ಗಳು ಮೊದಲ ಸಲ ಓದುವಾಗಷ್ಟೇ ಎಸ್3ಯಿಂದ ಇಳಿಯುತ್ತವೆ. ಯಾವಾಗಲೂ ನಲವತ್ತು ಸೆಕೆಂಡಿಗೆ ಬರುವ ತಿಂಗಳ ರಿಪೋರ್ಟ್ ಅವತ್ತು ಹನ್ನೊಂದು ನಿಮಿಷ ತಗೊಂಡಿತು. ಈಗ ಡಿಸ್ಕ್ ಸೇರಿಸಿದ ಕೂಡಲೇ `sudo dd if=/dev/nvme1n1 of=/dev/null bs=1M` ಅಂತ ಇಡೀ ಡಿಸ್ಕನ್ನು ಒಮ್ಮೆ ಓದಿಸುತ್ತೇವೆ. ಡಿಸ್ಕಿನ ಹೆಸರು ಮೊದಲು `lsblk`ನಲ್ಲಿ ನೋಡಿಕೊಳ್ಳಿ. ಈ ಓದುವ ಸಮಯ ಸೇರಿಸಿಯೇ ಮಾಲೀಕರಿಗೆ "ಎರಡು ಗಂಟೆ ಬೇಕು ಸಾರ್" ಅಂತ ಹೇಳಿದ್ದೇನೆ. ಮುಂಚೆ ಹತ್ತು ನಿಮಿಷ ಅಂದಿದ್ದೆ.

ತಿಂಗಳಿಗೊಮ್ಮೆ ಟೆಸ್ಟ್ ಮಾಡುತ್ತೇವೆ, ಒಂದು ಸಲ ಸ್ನ್ಯಾಪ್‌ಶಾಟ್‌ನಿಂದ, ಇನ್ನೊಂದು ಸಲ ಡಂಪ್‌ನಿಂದ. ಯಾವ ಖಾತೆ ತೆರೆಯಬೇಕು ಅಂತ ಆರಿಸುವುದು ಅಕ್ಕ, ನನಗೆ ಮೊದಲೇ ಹೇಳುವುದಿಲ್ಲ. ಹಿಂದಿನ ದಿನದ ಒಂದು ತೂಕದ ಚೀಟಿಯನ್ನೂ ಕೈಯಲ್ಲಿ ಹಿಡಿದು ಬರುತ್ತಾರೆ. ಹಳೇ ಡಿಸ್ಕನ್ನು ಮಾತ್ರ ಅದೇ ವಾರ ಕಳಚಿ ಅಳಿಸಿದೆ.