ಕಾರ್ಡ್ ಕೊಡದ ರಂಗಪ್ರವೇಶ

ಸೋಮವಾರ ಬೆಳಗ್ಗೆ ದೊಡ್ಡಮ್ಮನ ಫೋನು. ‘ಹುಡುಗಿ ರಂಗಪ್ರವೇಶ ಮಾಡಿದ್ಳಂತೆ. ನಮಗೊಂದು ಕಾರ್ಡ್ ಕೊಡೋಕೂ ಆಗ್ಲಿಲ್ವೇನೇ?’ ದನಿಯಲ್ಲಿ ನಿಜವಾದ ಬೇಜಾರಿತ್ತು.

ಅಣ್ಣನ ಮಗಳು ಶನಿವಾರ ಸಂಜೆ ನಮ್ಮ ಬಡಾವಣೆಯ ರಾಮೋತ್ಸವದಲ್ಲಿ ಮೊದಲ ಸಲ ಸ್ಟೇಜ್ ಹತ್ತಿ ಒಬ್ಬಳೇ ಕುಣಿದಿದ್ದು ಹೌದು. ಆದರೆ ಕುಣಿದಿದ್ದು ಭರತನಾಟ್ಯದಲ್ಲಿ ಮೊದಲು ಬರುವ ಒಂದು ಅಲರಿಪು. ಹೆಚ್ಚೆಂದರೆ ನಾಲ್ಕು ನಿಮಿಷ. ರಂಗಪ್ರವೇಶ ಎಲ್ಲಿಂದ ಬಂತು?

ಅತ್ತಿಗೆಯ ಇನ್ಸ್ಟಾಗ್ರಾಂ ತೆಗೆದು ನೋಡಿದೆ. ಅಲ್ಲಿಂದಲೇ ಬಂದಿತ್ತು. ರೀಲಿನ ಕೆಳಗೆ `Dream come true ✨🩰` ಅಂತ ಒಂದು ಸಾಲು. ಭರತನಾಟ್ಯಕ್ಕೆ ಬ್ಯಾಲೆಯವರ ಚಪ್ಪಲಿ! ಬರಿಗಾಲಲ್ಲಿ ಗೆಜ್ಜೆ ಕಟ್ಟಿಕೊಂಡು ಕುಣಿದ ಮಗು ಪಾಪ. ಅದರ ಕೆಳಗೆ ಹ್ಯಾಷ್‌ಟ್ಯಾಗುಗಳ ಮೆರವಣಿಗೆ. `#arangetram` `#ranga pravesha` `#kuchipudi` `#kathak` `#mohiniyattam` `#viral` `#explore`, ಜೊತೆಗೆ ಮಗಳ ಶಾಲೆಯ ಹೆಸರು, ನಮ್ಮ ಬಡಾವಣೆಯ ಹೆಸರು. ಕೂಚಿಪುಡಿ, ಕಥಕ್ ಯಾಕೆ ಅಂದರೆ ‘ಡ್ಯಾನ್ಸ್ ಇಷ್ಟಪಡೋರೆಲ್ಲ ನೋಡ್ಲಿ ಅಂತ’ ಅಂದರು ಅತ್ತಿಗೆ. ಅವರು ಒಳ್ಳೆಯವರೇ. ಮಗಳ ವಿಷಯ ಬಂದರೆ ಮಾತ್ರ ಒಂದಿಷ್ಟು ಜಾಸ್ತಿ.

ರಂಗಪ್ರವೇಶ ಅಂದರೆ ಮೊದಲ ಸಲ ಸ್ಟೇಜ್ ಹತ್ತೋದು ಅಂತ ಅವರು ಅಂದುಕೊಂಡಿದ್ದರು. ಕೇಳಿದರೆ ಹಾಗೇ ಅನ್ನಿಸುತ್ತೆ, ತಪ್ಪಲ್ಲ. ಆದರೆ ಡ್ಯಾನ್ಸ್ ಕಲಿಯುವವರ ಮನೆಯಲ್ಲಿ ಅದು ವರ್ಷಗಟ್ಟಲೆ ಕಲಿತ ಮೇಲೆ ಬರುವ ಸಂಜೆ. ಅಲರಿಪು, ಜತಿಸ್ವರ, ಶಬ್ದ, ಆಮೇಲೆ ಅದೊಂದೇ ಅರ್ಧ ಗಂಟೆಗೂ ಮೀರಿ ಹೋಗಬಹುದಾದ ವರ್ಣ, ಪದ, ಕೊನೆಗೆ ತಿಲ್ಲಾನ. ಇಡೀ ಕಾರ್ಯಕ್ರಮ ಒಬ್ಬಳೇ ನಿಭಾಯಿಸಬೇಕು. ಅದಕ್ಕೆ ಮನೆಯವರು ಹಾಲ್ ಹಿಡೀತಾರೆ, ಕಾರ್ಡ್ ಹೊಡೆಸ್ತಾರೆ, ಗುರುಗಳಿಗೆ, ಪಕ್ಕವಾದ್ಯದವರಿಗೆ ಗೌರವ ಮಾಡ್ತಾರೆ, ಬಂದವರಿಗೆ ಊಟ ಹಾಕ್ತಾರೆ. ದೊಡ್ಡಮ್ಮನ ಬೇಜಾರಿಗೆ ಅರ್ಥವಿತ್ತು. ಒಂದು ಹ್ಯಾಷ್‌ಟ್ಯಾಗ್ ಆಕೆಗೆ ಒಂದು ಊಟವನ್ನೇ ತಪ್ಪಿಸಿತ್ತು.

ಸಂಜೆ ಡ್ಯಾನ್ಸ್ ಮಿಸ್ ಕೂಡ ಅತ್ತಿಗೆಗೆ ಫೋನ್ ಮಾಡಿದರು. ಸಿಟ್ಟೇನೂ ಇರಲಿಲ್ಲ. ‘ಈಗಲೇ ರಂಗಪ್ರವೇಶ ಅಂದುಬಿಟ್ರೆ, ನಾಳೆ ನಿಜವಾಗಿ ಮಾಡಿಸುವಾಗ ಏನಂತ ಹಾಕ್ತೀರಿ?’ ಅಂತ ನಕ್ಕರಂತೆ. ಆಮೇಲೆ, ‘ಅದು ಹೋಗಲಿ, ಮೃದಂಗದವರ ಹೆಸರೇ ಇಲ್ವಲ್ಲ ಅದ್ರಲ್ಲಿ’ ಅಂದರಂತೆ. ಆ ಮಾತು ಅತ್ತಿಗೆಗೆ ತಟ್ಟಿತು. ಊಟ ಆದಮೇಲೆ ನಾನು, ಅತ್ತಿಗೆ, ಹುಡುಗಿ ಮೂವರೂ ಫೋನ್ ಹಿಡಿದು ಕೂತೆವು. ಹಾಕಿದ ಮೇಲೂ ಕ್ಯಾಪ್ಷನ್ ತಿದ್ದಬಹುದು, ಬಂದ ಲೈಕ್ ಎಲ್ಲೂ ಹೋಗೋದಿಲ್ಲ. ಅತ್ತಿಗೆಗೆ ಅದೇ ದೊಡ್ಡ ಸಮಾಧಾನ.

‘ಯಾರು ಓದ್ತಾರೆ ಅತ್ತೆ ಕ್ಯಾಪ್ಷನ್ನ?’ ಅಂದಳು ಹುಡುಗಿ. ಹದಿನಾಲ್ಕರ ವಯಸ್ಸು. ಅವಳ ಪ್ರಕಾರ ಕ್ಯಾಪ್ಷನ್ ಅನ್ನೋದು ಎಮೋಜಿ ಇಡುವ ಜಾಗ.

ನಾನು ಉತ್ತರ ಕೊಡದೆ ರೀಲನ್ನೇ ಮತ್ತೆ ಹಾಕಿದೆ. ಅಣ್ಣ ಮೊಬೈಲನ್ನು ಉದ್ದಕ್ಕೆ ಹಿಡಿದು ತೆಗೆದದ್ದು. ರೀಲಿಗೆ ಹಾಗೇ ಬೇಕು. ಆದರೆ ಆ ಉದ್ದನೆ ಚೌಕಟ್ಟಿನಲ್ಲಿ ಹುಡುಗಿ ಒಬ್ಬಳೇ ಹಿಡಿಸೋದು. ವೇದಿಕೆಯ ಪಕ್ಕದಲ್ಲಿ ಕೂತ ಮಿಸ್ ಇಲ್ಲ, ಮೃದಂಗದ ವಿದ್ವಾನರೂ ಇಲ್ಲ. ‘ತಾಂ ದಿತ್ತಾಂ’ ಅಂತ ಜತಿ ಕೇಳುತ್ತೆ, ತಾಳ ಕೇಳುತ್ತೆ, ಮೃದಂಗ ಕೇಳುತ್ತೆ. ಯಾರದು ಅಂತ ಗೊತ್ತಾಗೋದಿಲ್ಲ.

ಕಂಡಿದ್ದರೆ ಗೊತ್ತಾಗುತ್ತಿತ್ತು. ಅಲರಿಪು ನಿಂತು ಶುರುವಾಗುತ್ತೆ, ಮೊದಲು ಕಣ್ಣು, ಕುತ್ತಿಗೆ, ಭುಜ. ಆಮೇಲೆ ಅರೆಮಂಡಿ. ಒಂದು ಕಡೆ ಪೂರ್ತಿ ಕೂತು ಮಾಡುವ ಮುಳುಮಂಡಿ ಬರುತ್ತೆ. ಇವಳು ಅಲ್ಲಿ ಭಯಕ್ಕೆ ತಾಳಕ್ಕಿಂತ ಮುಂದೆ ಓಡಿಬಿಟ್ಟಳು. ಈ ಅಲರಿಪು ತಿಶ್ರ, ‘ತಕಿಟ ತಕಿಟ’ ಅಂತ ಮೂರು ಮೂರರ ಲೆಕ್ಕ. ಒಂದು ಎಣಿಕೆ ಮುಂದೆ ಹೋದರೂ ಹೆಜ್ಜೆ ಒಂದು ಕಡೆ, ತಾಳ ಒಂದು ಕಡೆ. ಮಿಸ್ ತಲೆ ಎತ್ತಿ ವಿದ್ವಾನರ ಮುಖ ನೋಡಿದರು. ಅವರು ವೇಗ ಏರಿಸಲಿಲ್ಲ. ಮೊದಲ ಪೆಟ್ಟನ್ನು ಮಾತ್ರ ಒಂಚೂರು ಗಟ್ಟಿಯಾಗಿ ಕೊಟ್ಟರು, ಇನ್ನೊಂದು ಸುತ್ತು ಹಾಗೇ ಕೊಟ್ಟರು. ಕಿವಿಗೆ ಬಿದ್ದಿರಬೇಕು, ಹುಡುಗಿ ನಿಧಾನ ಮಾಡಿ ಜಾಗಕ್ಕೆ ಬಂದು ಸೇರಿದಳು. ಎದುರು ಕೂತ ನೂರು ಜನರಲ್ಲಿ ಎಷ್ಟು ಮಂದಿಗೆ ಗೊತ್ತಾಯಿತೋ! ನನಗಂತೂ ಇಡೀ ಸಂಜೆಯಲ್ಲಿ ಉಳಿದದ್ದು ಮಿಸ್ ತಲೆ ಎತ್ತಿದ ಆ ನೋಟ.

‘ಇದನ್ನ ಕ್ಯಾಪ್ಷನಲ್ಲಿ ಹಾಕ್ತೀಯ?’ ಹುಡುಗಿಗೆ ಗಾಬರಿ.

ಅದಲ್ಲ, ಹೆಸರು ಹಾಕೋಣ ಅಂದೆ. ಅತ್ತಿಗೆ ಯಾರದೋ ಕ್ಯಾಪ್ಷನ್ ನೋಡಿಕೊಂಡು ‘ರಾಗ, ರಚನೆ’ ಅಂತ ಟೈಪ್ ಮಾಡುತ್ತಿದ್ದರು. ನಮ್ಮ ಮಿಸ್ ಹೇಳಿಕೊಟ್ಟ ಅಲರಿಪುವಿನಲ್ಲಿ ಹಾಡೇ ಇಲ್ಲ, ಬರೀ ಜತಿ. ರಾಗ ಎಲ್ಲಿಂದ ತರೋದು? ದೇವರನಾಮವೋ ವರ್ಣವೋ ಆಗಿದ್ದರೆ ರಾಗ, ತಾಳ, ಬರೆದವರು, ಹಾಡಿದವರು ಎಲ್ಲ ಬೇಕು. ಇದಕ್ಕೆ ಐಟಂ ಹೆಸರು, ಹೇಳಿಕೊಟ್ಟು, ತಾಳ ಹಾಕಿ ಜತಿ ಹೇಳುವ ನಟ್ಟುವಾಂಗ ಮಾಡಿದವರು, ಮೃದಂಗ ನುಡಿಸಿದವರು. ಅಷ್ಟೇ. ಪೂರ್ತಿ ತೆರೆಯದೆ ಕಾಣೋದು ಮೊದಲ ಸಾಲು ಮಾತ್ರ. ಹಾಗಾಗಿ ‘ಡ್ರೀಮ್’ ಅಲ್ಲಿಂದ ಹೋಯಿತು. ಆ ಜಾಗಕ್ಕೆ ‘ಮೊದಲ ವೇದಿಕೆ, ತಿಶ್ರ ಅಲರಿಪು’ ಅಂತ ಬಂತು. ಮಿಸ್‌ಗೆ ಅಕೌಂಟ್ ಇದೆ, @ ಹಾಕಿ ಅವರ ಹೆಸರು ಬರೆದೆವು. ವಿದ್ವಾನರಿಗೆ ಇಲ್ಲ, ಹೆಸರನ್ನು ಕನ್ನಡದಲ್ಲಿ ಬರೆದೆವು.

ಹ್ಯಾಷ್‌ಟ್ಯಾಗ್ ಕಡಿಮೆ ಮಾಡೋದೇ ಕಷ್ಟದ ಕೆಲಸ ಆಯಿತು. ಅತ್ತಿಗೆ ಒಂದೊಂದನ್ನೂ ಒಡವೆ ಅಡ ಇಟ್ಟ ಹಾಗೆ ಬಿಟ್ಟುಕೊಟ್ಟರು. `#ranga pravesha` ಅಂತ ನಡುವೆ ಜಾಗ ಬಿಟ್ಟಿದ್ದರಿಂದ ಅದು ಬರೀ `#ranga` ಆಗಿತ್ತು, ಅದನ್ನು ಒತ್ತಿದರೆ ಯಾರ್ಯಾರೋ ಬರುತ್ತಿದ್ದರು. ಮೂರರಿಂದ ಐದು ಹ್ಯಾಷ್‌ಟ್ಯಾಗ್ ಸಾಕು ಅಂತ ಇನ್ಸ್ಟಾಗ್ರಾಂನವರೇ ಹಿಂದೆ ಹೇಳಿದ್ದಾರೆ ಅಂದ ಮೇಲೆ ಸ್ವಲ್ಪ ಮೆತ್ತಗಾದರು. ಶಾಲೆ, ಬಡಾವಣೆಯ ಹೆಸರು ತೆಗೆಯೋ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಹುಡುಗಿಯ ಸ್ವಂತ ಅಕೌಂಟ್ ಪ್ರೈವೇಟು, ಅಲ್ಲಿ ಹಾಕಿದ ಹ್ಯಾಷ್‌ಟ್ಯಾಗ್ ಹಿಡಿದು ಹೊರಗಿನವರು ಯಾರೂ ಬರೋಕಾಗಲ್ಲ. ಅಮ್ಮನ ಅಕೌಂಟ್ ಊರಿಗೆಲ್ಲ ತೆರೆದಿದೆ. ಮಗುವಿನ ಮುಖ, ಶಾಲೆ, ಮನೆ ಇರೋ ಜಾಗ ಒಂದೇ ಕಡೆ ಸಿಗಬೇಕಾ? ಇದನ್ನು ಯೋಚಿಸದೆ ಹಾಕುವ ಅಪ್ಪ ಅಮ್ಮಂದಿರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಮಕ್ಕಳ ಫೋನ್ ಚೆಕ್ ಮಾಡೋರೂ ಅವರೇ.

ಕೊನೆಗೆ ಉಳಿದದ್ದು `#bharatanatyam` `#alarippu` `#ಭರತನಾಟ್ಯ`, ಮತ್ತೆ ಅತ್ತಿಗೆಯ ಮರ್ಯಾದೆಗೆ ಒಂದು `#viral`.

‘ಆದ್ರೂ ಯಾರು ಓದ್ತಾರೆ’ ಅಂತ ಗೊಣಗಿಕೊಂಡೇ ಹುಡುಗಿ ಮಲಗಲು ಹೋದಳು.

ಗುರುವಾರ ಕ್ಲಾಸಿನಿಂದ ಬಂದವಳ ಮುಖ ಸಪ್ಪಗಿತ್ತು. ವಿದ್ವಾನರಿಗೆ ಅವರ ಮೊಮ್ಮಗ ರೀಲ್ ತೋರಿಸಿದನಂತೆ. ಹೆಸರು ನೋಡಿ ಖುಷಿಪಟ್ಟು ಮಿಸ್‌ಗೆ ಫೋನ್ ಮಾಡಿದರಂತೆ. ‘ಮಗು ಮುಳುಮಂಡಿಯಲ್ಲಿ ಓಡ್ತಾಳೆ, ಎರಡು ವಾರ ಬರೀ ಅದನ್ನೇ ಮಾಡಿಸಿ’ ಅಂದರಂತೆ. ಇವತ್ತು ಇಡೀ ಕ್ಲಾಸು ಅದೇ ಆಗಿ ತೊಡೆ ನೋವು.

ಅತ್ತಿಗೆ ಕೇಳಿದ್ದು ಒಂದೇ. ‘ಅದನ್ನ ಕಾಮೆಂಟಲ್ಲಿ ಹಾಕಿಲ್ಲ ತಾನೆ?’