ಹೆರಿಗೆ ರಜೆ ಮುಗಿಸಿ ಬರುವವರಿಗೆ ತಂಡದ ಉಡುಗೊರೆ: ಹಾಲಿನ ಚೀಲ ಎಲ್ಲಿಗೆ ಬಂತು

ಹೆರಿಗೆ ರಜೆ ಮುಗಿಸಿ ಬರುತ್ತಿರುವ ಸಹೋದ್ಯೋಗಿಗೆ ಎಲ್ಲರೂ ದುಡ್ಡು ಹಾಕಿ ಏನು ಕೊಡೋಣ ಅಂದಾಗ ಮೊದಲು ಬಂದದ್ದು ಮಗುವಿನ ಬಟ್ಟೆ, ಆಟಿಕೆಗಳ ಮಾತು. ಅವೆಲ್ಲ ನೆಂಟರಿಂದ ಆಗಲೇ ಬಂದಿರುತ್ತವೆ. 26 ವಾರಗಳ ರಜೆ ಮುಗಿಯುವಾಗ ಮಗುವಿಗೆ ಹೆಚ್ಚೆಂದರೆ ಆರು ತಿಂಗಳು, ಎದೆಹಾಲೇ ಮುಖ್ಯ ಆಹಾರ. ಹಾಗಾಗಿ ಆಫೀಸಿನಲ್ಲಿ ಪಂಪ್ ಮಾಡಿದ ಹಾಲನ್ನು ಕೆಡದಂತೆ ಮನೆಗೆ ಒಯ್ಯುವ ಚೀಲವನ್ನು ಆರಿಸಿಕೊಂಡೆವು.

ಮೊದಲ ಹಂತ: ಕೇಳಿದ್ದು. ಈ ಉಡುಗೊರೆಯಲ್ಲಿ ಗುಟ್ಟು ಸಲ್ಲದು. ಎಲ್ಲ ತಾಯಂದಿರೂ ಪಂಪ್ ಮಾಡುವುದಿಲ್ಲ, ಅದು ನಾಲ್ಕು ಜನರ ಮುಂದೆ ಕೇಳುವ ವಿಷಯವೂ ಅಲ್ಲ. ಆ ಸಹೋದ್ಯೋಗಿಗೆ ಹತ್ತಿರದ ಗೆಳತಿಯೊಬ್ಬರು ಫೋನಿನಲ್ಲಿ ಎರಡೇ ಪ್ರಶ್ನೆ ಕೇಳಿದರು: ಇದು ಬೇಕೇ? ನಿಮ್ಮ ಪಂಪಿಗೆ ಕೂರುವ ಬಾಟಲಿಯ ಬಾಯಿ ಕಿರಿದೋ, ಅಗಲವೋ? ಎರಡನೆಯದನ್ನು ಬಿಟ್ಟರೆ ಪ್ರತಿ ಸಲ ಹಾಲನ್ನು ಬಗ್ಗಿಸಿ ತುಂಬಬೇಕಾಗುತ್ತದೆ, ಚೆಲ್ಲುತ್ತದೆ.

ಎರಡನೆಯದು: ಚೀಲದ ಪರೀಕ್ಷೆ. ತಂದದ್ದು ಐದು ಲೀಟರಿನ ಥರ್ಮಲ್ ಚೀಲ, 150 ಮಿಲಿಯ ನಾಲ್ಕು ಬಾಟಲಿ, 300 ಗ್ರಾಮಿನ ಎರಡು ಜೆಲ್ ಪ್ಯಾಕ್. ಫ್ರಿಜ್ಜಿನಲ್ಲಿಟ್ಟ ನೀರನ್ನು ಬಾಟಲಿಗಳಿಗೆ ತುಂಬಿ, ಅಡುಗೆಮನೆಯ ಕಡ್ಡಿ ಥರ್ಮಾಮೀಟರಿನಿಂದ ನೋಡಿದೆವು. ಪ್ಯಾಕುಗಳನ್ನು ತಳಕ್ಕೆ ಹಾಸಿದಾಗ ನಾಲ್ಕು ಗಂಟೆಯಲ್ಲಿ ಬಾಟಲಿಯ ಮೇಲ್ಭಾಗ 12 ಡಿಗ್ರಿ ಮುಟ್ಟಿತ್ತು. ತಂಪು ಗಾಳಿ ಕೆಳಗೇ ನಿಲ್ಲುವುದು ಇದಕ್ಕೆ ಕಾರಣ. ಪ್ಯಾಕುಗಳನ್ನು ಎರಡೂ ಪಕ್ಕಕ್ಕೆ ನಿಲ್ಲಿಸಿ, ಮೇಲೆ ಉಳಿದ ಜಾಗಕ್ಕೆ ಮಡಿಸಿದ ಟವೆಲ್ ತುರುಕಿದಾಗ ಅಷ್ಟೇ ಹೊತ್ತಿಗೆ 6 ಡಿಗ್ರಿ. ಪ್ಯಾಕ್ ಮತ್ತು ಬಾಟಲಿಯ ನಡುವೆ ತೆಳು ಬಟ್ಟೆ ಇರಲಿ, ಇಲ್ಲವಾದರೆ ಅಂಚಿನ ಹಾಲು ಐಸಿನಂತೆ ಗಟ್ಟಿಯಾಗಬಹುದು.

ಚೀಲವನ್ನು ನಿಜವಾಗಿ ಕೆಡಿಸುವುದು ಬಿಸಿ ಬಾಟಲಿ. ಆಗಷ್ಟೇ ತೆಗೆದ 150 ಮಿಲಿ ಹಾಲು 35 ಡಿಗ್ರಿಯಿಂದ 5ಕ್ಕೆ ಇಳಿಯಲು ಸುಮಾರು 55 ಗ್ರಾಂ ಐಸು ಕರಗಬೇಕು, ಅಷ್ಟರಲ್ಲಿ ಪಕ್ಕದ ಬಾಟಲಿಯೂ ಬೆಚ್ಚಗಾಗಿರುತ್ತದೆ. ಆದ್ದರಿಂದ ಹಾಲು ಮೊದಲು ಆಫೀಸಿನ ಫ್ರಿಜ್ಜಿಗೆ, ಹೊರಡುವಾಗ ಮಾತ್ರ ಚೀಲಕ್ಕೆ. ಹಳೆಯ ತಣ್ಣನೆ ಹಾಲಿಗೆ ಬಿಸಿ ಹಾಲು ಬೆರೆಸಬಾರದು. ಹೊರಗೆ ನಾಲ್ಕು ಗಂಟೆ ಇಡಬಹುದು ಅನ್ನುವ ಲೆಕ್ಕ 25 ಡಿಗ್ರಿಯೊಳಗಿನ ಕೋಣೆಗೆ. ಏಪ್ರಿಲ್‌ನ ಬೆಂಗಳೂರಿನಲ್ಲಿ, ಟ್ರಾಫಿಕ್ಕಿನಲ್ಲಿ ನಿಂತ ಕ್ಯಾಬಿನಲ್ಲಿ ಅದನ್ನು ನಂಬುವಂತಿಲ್ಲ. ಗಟ್ಟಿ ಪ್ಯಾಕುಗಳ ನಡುವೆ ಚೀಲದಲ್ಲಿದ್ದರೆ 24 ಗಂಟೆ, ಫ್ರಿಜ್ಜಿನಲ್ಲಿ 4 ಡಿಗ್ರಿಗೆ ನಾಲ್ಕು ದಿನ.

ಉಳಿದಿರುವುದು. ತಾರೀಕು, ಸಮಯ ಬರೆಯುವ ಲೇಬಲ್ ಇನ್ನೂ ಸಿಕ್ಕಿಲ್ಲ. ಕಾಗದದ್ದು ಫ್ರಿಜ್ಜಿನ ತೇವಕ್ಕೆ ಕಿತ್ತುಬರುತ್ತದೆ, ಪ್ಲಾಸ್ಟಿಕ್ಕಿನದೇ ಬೇಕು. ಆಫೀಸಿನ ಫ್ರಿಜ್ಜಿನೊಳಗೆ ಹಿಂಬದಿಯಲ್ಲಿ ಒಂದು ಡಬ್ಬಿಯ ಜಾಗವನ್ನೂ ಖಾಲಿ ಮಾಡಿಸಬೇಕು, ಬಾಗಿಲಿನ ತಟ್ಟೆ ಪದೇಪದೇ ಬೆಚ್ಚಗಾಗುತ್ತದೆ. ಚೀಲವನ್ನು ಸೋಮವಾರ ಕೇಕ್ ಜೊತೆ ಕೊಡಬೇಕೆಂದು ಕೆಲವರಿಗೆ ಆಸೆಯಿತ್ತು. ಆದರೆ ಪ್ಯಾಕುಗಳು ರಾತ್ರಿಯಿಡೀ ಫ್ರೀಜರಿನಲ್ಲಿದ್ದರೇ ಗಟ್ಟಿಯಾಗುವುದು, ಬಾಟಲಿಗಳನ್ನೂ ಒಮ್ಮೆ ಕುದಿಸಬೇಕು. ಹಾಗಾಗಿ ಅದು ಶುಕ್ರವಾರವೇ ಅವರ ಮನೆ ಸೇರುತ್ತದೆ.