ಥಿಯರಿ ಪರೀಕ್ಷೆಯ ದಿಗಿಲು: ಮೂರು ವಾರಗಳ ದಾಖಲೆ

ಮೊದಲ ವಾರ

ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ವಿಷಯದ ಅಣಕು ಪರೀಕ್ಷೆಯನ್ನು ಗಡಿಯಾರ ಎದುರಿಗಿಟ್ಟುಕೊಂಡು ಬರೆದೆ. ಪ್ರಶ್ನೆಪತ್ರಿಕೆ ತೆರೆಯುವ ಮುನ್ನ ಮಣಿಕಟ್ಟಿನ ನಾಡಿಯನ್ನು ಎಣಿಸಿದಾಗ ನಿಮಿಷಕ್ಕೆ 104 ಇತ್ತು. ಸಮಾಧಾನವಾಗಲೆಂದು ಬಾಯಿ ತೆರೆದು ಜೋರಾಗಿ, ಬೇಗಬೇಗ ಉಸಿರೆಳೆದುಕೊಂಡೆ. ಎರಡೇ ನಿಮಿಷದಲ್ಲಿ ತಲೆ ಹಗುರಾಗಿ, ತುಟಿಯ ಸುತ್ತ ಮತ್ತು ಬೆರಳ ತುದಿಗಳಲ್ಲಿ ಜುಮುಗುಡತೊಡಗಿತು. ಅತಿಯಾದ ಉಸಿರಾಟದಿಂದ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆಂದು ರೋಗಿಗಳ ವಿಷಯದಲ್ಲಿ ಓದಿದ್ದೆನಾದರೂ, ನನ್ನ ಮೇಲೆಯೇ ಆಗುವವರೆಗೆ ಹೊಳೆದಿರಲಿಲ್ಲ.

ಎರಡನೆಯ ವಾರ

ಕ್ರಮವನ್ನು ಬದಲಿಸಿದೆ. ಹೊಟ್ಟೆಯ ಮೇಲೆ ಕೈಯಿಟ್ಟು, ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಸಹಜ ಪ್ರಮಾಣದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡುವುದು. ಅಂದರೆ ನಿಮಿಷಕ್ಕೆ ಸುಮಾರು ಆರು ಉಸಿರು. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಇಳಿಯುವುದರಿಂದ, ಬಿಡುವ ಹೊತ್ತೇ ಉದ್ದವಾಗಿರಬೇಕು. ದಿನಕ್ಕೆರಡು ಬಾರಿ ಐದೈದು ನಿಮಿಷ ಅಭ್ಯಾಸ ಮಾಡಿದೆ. ಎರಡನೆಯ ಅಣಕು ಪರೀಕ್ಷೆಯ ಮುನ್ನ 98 ಇದ್ದ ನಾಡಿ ಐದು ನಿಮಿಷದ ಬಳಿಕ 84ಕ್ಕೆ ಇಳಿಯಿತು, ಜುಮುಗುಡುವಿಕೆ ಇರಲಿಲ್ಲ.

ಆದರೆ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ದಿಗಿಲು ಮರಳಿತು. ಕಾರಣ ಸ್ಪಷ್ಟವಾಗಿತ್ತು: ನ್ಯುಮೋನಿಯಾ ರೋಗಿಯ ಆರೈಕೆಯ ಕುರಿತ ಹತ್ತು ಅಂಕಗಳ ಮೊದಲ ಪ್ರಶ್ನೆಗೇ 38 ನಿಮಿಷ ಕಳೆದಿದ್ದೆ. ಕೊನೆಗೆ ಎರಡು ಕಿರು ಟಿಪ್ಪಣಿಗಳು ಖಾಲಿ ಉಳಿದವು. ಉಸಿರಾಟವು ಕೈ ನಡುಕವನ್ನು ತಗ್ಗಿಸೀತು, ಕಳೆದ ಸಮಯವನ್ನು ತಂದುಕೊಡಲಾರದು.

ಮೂರನೆಯ ವಾರ

ನಾನು ಅಭ್ಯಾಸ ಮಾಡುತ್ತಿರುವ ಮಾದರಿ ಪತ್ರಿಕೆ ಮೂರು ಗಂಟೆ, 75 ಅಂಕಗಳದ್ದು. ಅಂಕಕ್ಕೆ ಎರಡು ನಿಮಿಷದಂತೆ ಲೆಕ್ಕ ಹಾಕಿದರೆ ಬರೆಯಲು 150 ನಿಮಿಷ ಬೇಕು. ಉಳಿದ 30ರಲ್ಲಿ ಹತ್ತು ಪತ್ರಿಕೆ ಓದಿ ಪ್ರಶ್ನೆ ಆರಿಸಲು, ಇಪ್ಪತ್ತು ಕೊನೆಯ ಪರಿಶೀಲನೆಗೆ ಮತ್ತು ಅಚಾತುರ್ಯಗಳಿಗೆ. ಹತ್ತು ಅಂಕದ ಪ್ರಶ್ನೆಗೆ ಇಪ್ಪತ್ತು ನಿಮಿಷ. ಅದರಲ್ಲಿ ಮೊದಲ ಎರಡನ್ನು ಚೌಕಟ್ಟಿಗೇ ಮೀಸಲಿಡುತ್ತೇನೆ. ಅದೇ ನ್ಯುಮೋನಿಯಾ ಪ್ರಶ್ನೆಗೆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಗುರುತಿಸಿಕೊಂಡೆ: ಉಸಿರಾಟದ ದರ ಮತ್ತು ಆಮ್ಲಜನಕ ಮಟ್ಟದ ಪರಿಶೀಲನೆ, ಕಫದಿಂದ ಶ್ವಾಸಮಾರ್ಗಕ್ಕೆ ತೊಡಕು ಎಂಬ ನರ್ಸಿಂಗ್ ಡಯಾಗ್ನೋಸಿಸ್, ಗುರಿ, ಕಾರಣಸಹಿತ ನಾಲ್ಕು ಆರೈಕೆ ಕ್ರಮಗಳು, ಮೌಲ್ಯಮಾಪನ. ಹಿಂದೆ ರೋಗಕಾರಣವನ್ನೇ ಎರಡು ಪುಟ ತುಂಬಿಸುತ್ತಿದ್ದೆನಾದರೂ, ಪ್ರಶ್ನೆ ಕೇಳಿದ್ದು ಆರೈಕೆಯನ್ನು.

ನಿನ್ನೆಯ ಪರೀಕ್ಷೆಯಲ್ಲಿ ಆ ಉತ್ತರ 22 ನಿಮಿಷದಲ್ಲಿ ಮುಗಿಯಿತು. ಒಂದು ಕಿರು ಟಿಪ್ಪಣಿಯಲ್ಲಿ ನೆನಪು ಕೈಕೊಟ್ಟಾಗ ಅರ್ಧ ಪುಟ ಬಿಟ್ಟು, ಮೂರು ಬಾರಿ ನಿಧಾನವಾಗಿ ಉಸಿರು ಬಿಟ್ಟು ಮುಂದಿನದಕ್ಕೆ ಹೋದೆ; ಕೊನೆಗೆ ಮರಳಿ ಬಂದಾಗ ಅರ್ಧದಷ್ಟು ನೆನಪಾಯಿತು. ಈ ಬಾರಿ ಯಾವ ಪ್ರಶ್ನೆಯೂ ಖಾಲಿ ಉಳಿಯಲಿಲ್ಲ, ಪರಿಶೀಲನೆಗೆ ಹನ್ನೊಂದು ನಿಮಿಷ ಸಿಕ್ಕಿತು. ಎರಡು ಅಂಕದ ಪ್ರಶ್ನೆಗಳಿಗೆ ಈಗಲೂ ಆರು ನಿಮಿಷ ಹಿಡಿಯುತ್ತಿದೆ. ಮುಂದಿನ ಅಣಕು ಪರೀಕ್ಷೆಯವರೆಗೆ ಅವುಗಳನ್ನಷ್ಟೇ ಗಡಿಯಾರ ನೋಡಿ ಬರೆಯುವವಳಿದ್ದೇನೆ.